ತಂಡದ ಗಾತ್ರವನ್ನು ಹೇಳುವ ಬಗೆ: ಹಿರಿಯ ಹುದ್ದೆಯ ಕವರ್ ಲೆಟರಿನ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಗುರುತು ಸಿಗದಂತೆ ಉದ್ಯಮದ ವಿವರಗಳನ್ನೂ ಅಂಕಿಗಳನ್ನೂ ಬದಲಿಸಿದ್ದೇನೆ. ಅಂಕಿಗಳ ನಡುವಿನ ಸಂಬಂಧವನ್ನು ಮಾತ್ರ ಇದ್ದಂತೆಯೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಪ್ರಕರಣದ ಸಮಸ್ಯೆ ಇದ್ದದ್ದೇ ಆ ಸಂಬಂಧದಲ್ಲಿ.

ಅವರು ಯಂತ್ರಗಳ ಮಾರಾಟ ಮತ್ತು ದುರಸ್ತಿ ನಡೆಸುವ ಸಂಸ್ಥೆಯೊಂದರ ಸೇವಾ ವಿಭಾಗದ ಮುಖ್ಯಸ್ಥೆ. ಬೇರೊಂದು ಸಂಸ್ಥೆ ಎರಡು ಸೇವಾ ಜಾಲಗಳನ್ನು ಒಂದುಗೂಡಿಸುತ್ತಿತ್ತು ಮತ್ತು ಸುಮಾರು 600 ಜನರಿರುವ ಆ ವಿಭಾಗಕ್ಕೆ ಮುಖ್ಯಸ್ಥರನ್ನು ಹುಡುಕುತ್ತಿತ್ತು. ಅದಕ್ಕೂ ಅಂಥವೇ ಇನ್ನೆರಡು ಹುದ್ದೆಗಳಿಗೂ ಇವರು ಅರ್ಜಿ ಹಾಕಿದ್ದರು. ಉಳಿದೆರಡು ಕಡೆಯಿಂದ ಉತ್ತರ ಬಂದಿರಲಿಲ್ಲ. 600 ಜನರ ಹುದ್ದೆಯ ಸಂಸ್ಥೆಯಿಂದ ಮಾತ್ರ ನೇಮಕಾತಿಯವರು ಫೋನ್ ಮಾಡಿ, ಹತ್ತು ನಿಮಿಷ ಮಾತಾಡಿ, ಅರ್ಜಿಯನ್ನು ಪರಿಷ್ಕರಿಸಿ ಕಳಿಸಬಹುದೆಂದು ಹೇಳಿ ಇಟ್ಟಿದ್ದರು. ಆ ಕರೆಯಲ್ಲಿ ಅವರು ಕೇಳಿದ್ದು ಎರಡೇ ಪ್ರಶ್ನೆ: ‘300 ಜನ ಎಂದರೆ ಯಾರು ಯಾರು?’ ಮತ್ತು ‘ಶೇ 40 ಎನ್ನುವುದು ಯಾವುದರ ಮೇಲೆ?’ ಇವರು ಎರಡಕ್ಕೂ ತಡವರಿಸಿದ್ದರು. ತಪ್ಪು ಹೇಳಿದ್ದೇನೆ ಎಂಬ ಭಾವನೆ ಇವರಿಗೆ ಇರಲಿಲ್ಲ, ಆದರೆ ತಮ್ಮದೇ ಅಂಕಿಯನ್ನು ತಾವೇ ಬಿಡಿಸಿ ಹೇಳಲಾಗಲಿಲ್ಲವೆಂಬ ಕಸಿವಿಸಿ ಇತ್ತು. ಆ ಕಸಿವಿಸಿಯೊಂದಿಗೇ ನನ್ನ ಬಳಿಗೆ ಬಂದರು.

ಪತ್ರದ ನಡುವಿನ ಪ್ಯಾರಾ ಹೀಗಿತ್ತು: ‘300ಕ್ಕೂ ಹೆಚ್ಚು ಜನರ ತಂಡವನ್ನು ಮುನ್ನಡೆಸಿದ ನಾನು, ಗ್ರಾಹಕಕೇಂದ್ರಿತ ದೂರದೃಷ್ಟಿಯ ಕಾರ್ಯತಂತ್ರವನ್ನು ರೂಪಿಸಿ ಜಾರಿಗೊಳಿಸಿ, ವೆಚ್ಚವನ್ನು ಶೇ 40ರಷ್ಟು ತಗ್ಗಿಸಿದ್ದೇನೆ ಮತ್ತು ಸೇವೆಯ ಗುಣಮಟ್ಟವನ್ನು ಶೇ 28ರಷ್ಟು ಹೆಚ್ಚಿಸಿದ್ದೇನೆ.’

ತಂಡದ ಗಾತ್ರ, ಕಾರ್ಯತಂತ್ರ, ಫಲಿತಾಂಶ ಮೂರೂ ಇಲ್ಲಿವೆ. ಹಿರಿಯ ಹುದ್ದೆಯ ಪತ್ರದಲ್ಲಿ ಈ ಮೂರು ಇರಬೇಕೆಂದು ಅವರು ಎಲ್ಲೋ ಓದಿದ್ದರು ಮತ್ತು ಅದು ಸರಿಯೂ ಹೌದು. ಆದರೆ ಇಲ್ಲಿ ಮೂರೂ ಒಂದರ ಪಕ್ಕ ಒಂದು ನಿಂತಿವೆಯೇ ಹೊರತು ಒಂದರಿಂದ ಇನ್ನೊಂದು ಹುಟ್ಟಿದ್ದು ಕಾಣುವುದಿಲ್ಲ. ಓದುವವರು ಯಾವ ತೀರ್ಮಾನದಿಂದ ಯಾವ ಬದಲಾವಣೆಯಾಯಿತು ಎಂದು ಹುಡುಕುತ್ತಾರೆ. ಅದು ಸಿಗದಿದ್ದಾಗ ಅಂಕಿಗಳ ಮೇಲೆಯೇ ಅವರಿಗೆ ಅನುಮಾನ ಬರುತ್ತದೆ.

ಮೊದಲು 300ನ್ನು ಬಿಡಿಸಿದೆವು. ಅವರು ವಿಭಾಗವನ್ನು ವಹಿಸಿಕೊಂಡ ದಿನ ಅಲ್ಲಿ 310 ಜನರಿದ್ದರು. ನನ್ನ ಬಳಿ ಬಂದಾಗ ಇದ್ದವರು 212. ನಡುವೆ ಸಂಸ್ಥೆಯು ಒಂದು ಉತ್ಪನ್ನ ಸಾಲನ್ನು ಬೇರೆಯವರಿಗೆ ಮಾರಿತ್ತು ಮತ್ತು ಅದರೊಂದಿಗೆ 60 ಜನ ಕೊಂಡವರ ಸಂಸ್ಥೆಗೆ ಹೋಗಿದ್ದರು. ಉಳಿದ 38 ಸ್ಥಾನಗಳು, ಜನ ತಾವಾಗಿ ಬಿಟ್ಟುಹೋದಾಗ ಅಥವಾ ಗುತ್ತಿಗೆಯ ಅವಧಿ ಮುಗಿದಾಗ, ಮರಳಿ ತುಂಬಿಕೊಳ್ಳದೆ ಬಿಟ್ಟಂಥವು. ತಂಡ ಚಿಕ್ಕದಾದದ್ದನ್ನು ಅವರು ಹಿನ್ನಡೆಯೆಂದು ಭಾವಿಸಿ ದೊಡ್ಡ ಅಂಕಿಯನ್ನು ಬರೆದಿದ್ದರು. ‘ಸರ್, 600 ಜನರ ಹುದ್ದೆಗೆ 212 ಎಂದು ಬರೆದರೆ ಪತ್ರ ಅಲ್ಲಿಗೇ ನಿಲ್ಲುವುದಿಲ್ಲವೇ?’ ಎಂದು ಕೇಳಿದರು.

ಈ ಹೆದರಿಕೆ ಹಿರಿಯ ಹುದ್ದೆಗೆ ಅರ್ಜಿ ಹಾಕುವ ಬಹಳ ಜನರಲ್ಲಿ ಇರುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ತಲೆಗಳ ಎಣಿಕೆಯೊಂದರಿಂದ ಹುದ್ದೆಯ ಭಾರ ಗೊತ್ತಾಗುವುದಿಲ್ಲ. ಒಂದೇ ಬಗೆಯ ಕೆಲಸ ಮಾಡುವ 300 ಜನರನ್ನು ಮೇಲ್ವಿಚಾರಕರ ಒಂದೇ ಸ್ತರದ ಮೂಲಕ ನೋಡಿಕೊಳ್ಳುವುದು ಬೇರೆ. ವ್ಯವಸ್ಥಾಪಕರನ್ನು ನಡೆಸಿ, ಆ ವ್ಯವಸ್ಥಾಪಕರ ಕೆಳಗಿನ ಮೇಲ್ವಿಚಾರಕರ ಮೂಲಕ 200 ಜನರಿಂದ ಕೆಲಸ ತೆಗೆಯುವುದು ಬೇರೆ. 600 ಜನರ ಹುದ್ದೆಗೆ ಬೇಕಾಗುವುದು ಎರಡನೆಯದು. ಇವರಿಗೆ ನೇರವಾಗಿ 6 ವ್ಯವಸ್ಥಾಪಕರು ವರದಿ ಮಾಡುತ್ತಿದ್ದರು, ಅವರ ಕೆಳಗೆ 19 ಮೇಲ್ವಿಚಾರಕರಿದ್ದರು. 212ರಲ್ಲಿ 164 ಜನ ಕಾಯಂ ನೌಕರರು, 48 ಜನ ಗುತ್ತಿಗೆಯವರು. ಈ ಯಾವುದೂ ಪತ್ರದಲ್ಲಿ ಇರಲಿಲ್ಲ. ನನ್ನ ಸಲಹೆ ಇಷ್ಟೇ ಆಗಿತ್ತು: ಈಗಿನ ನಿಜವಾದ ಸಂಖ್ಯೆಯನ್ನು ಬರೆಯಿರಿ, ಅದರ ಜೊತೆ ನೇರವಾಗಿ ವರದಿ ಮಾಡುವವರು ಎಷ್ಟು ಜನ ಎನ್ನುವುದನ್ನು ಬರೆಯಿರಿ, ಗುತ್ತಿಗೆಯವರನ್ನು ಸೇರಿಸಿ ಎಣಿಸಿದ್ದರೆ ಅದನ್ನು ಹೇಳಿ. ಬೇರೆ ವಿಭಾಗದವರು ಯೋಜನೆಯೊಂದರಲ್ಲಿ ನಿಮ್ಮೊಂದಿಗೆ ದುಡಿದಿದ್ದರೆ ಅವರನ್ನು ತಂಡದ ಲೆಕ್ಕಕ್ಕೆ ಸೇರಿಸಬೇಡಿ. ಹಿಂದಿನ ಸಹೋದ್ಯೋಗಿಗಳನ್ನು ವಿಚಾರಿಸುವ ಹಂತದಲ್ಲಿ ಮೊದಲು ಬಿರುಕು ಬಿಡುವುದು ಇಂಥ ಸಂಖ್ಯೆಯೇ.

ಮುಂದೆ ಶೇ 40. ಈ ಅಂಕಿ ಸುಳ್ಳಾಗಿರಲಿಲ್ಲ. ವಿಭಾಗದ ಒಟ್ಟು ವೆಚ್ಚ 2 ವರ್ಷಗಳಲ್ಲಿ ನಿಜಕ್ಕೂ ಅಷ್ಟು ಇಳಿದಿತ್ತು. ಆದರೆ ಉತ್ಪನ್ನ ಸಾಲು ಮಾರಾಟವಾದ ಮೇಲೆ ಬರುವ ದೂರುಗಳೂ ಶೇ 21ರಷ್ಟು ಕಡಿಮೆಯಾಗಿದ್ದವು. ಮೊದಲು 100 ದೂರುಗಳಿಗೆ 100 ರೂಪಾಯಿ ಖರ್ಚಾಗುತ್ತಿತ್ತು ಎಂದಿಟ್ಟುಕೊಂಡರೆ, ಈಗ 79 ದೂರುಗಳಿಗೆ 60 ರೂಪಾಯಿ ಖರ್ಚಾಗುತ್ತಿದೆ. ಅಂದರೆ ಒಂದು ದೂರಿನ ವೆಚ್ಚ 1 ರೂಪಾಯಿಯಿಂದ ಸುಮಾರು 76 ಪೈಸೆಗೆ ಇಳಿದಿದೆ. ಕೆಲಸವೇ ಕಡಿಮೆಯಾದದ್ದರಿಂದ ಬಂದ ಇಳಿಕೆಯನ್ನು ಬದಿಗಿಟ್ಟರೆ ಅವರ ನಿರ್ವಹಣೆಯ ಪಾಲು ಶೇ 24. ಕಾಗದದ ಮೇಲೆ ಈ ಲೆಕ್ಕ ಮಾಡಿ ತೋರಿಸಿದಾಗ ಅವರ ಮುಖ ಬಾಡಿತು. ನನಗೆ ಮಾತ್ರ 24 ಎನ್ನುವುದು 40ಕ್ಕಿಂತ ಗಟ್ಟಿಯಾದ ಅಂಕಿಯೆಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. 40ಕ್ಕೆ ಎರಡನೆಯ ಪ್ರಶ್ನೆ ಬಂದರೆ ಹಿಂದೆ ಸರಿಯಬೇಕಾಗುತ್ತದೆ. 24ಕ್ಕೆ ಎಷ್ಟು ಪ್ರಶ್ನೆ ಬಂದರೂ ಉತ್ತರವಿದೆ.

ಶೇ 28ರ ತೊಂದರೆ ಬೇರೆ ಬಗೆಯದು. ಮೊದಲ ಭೇಟಿಯಲ್ಲೇ ದುರಸ್ತಿ ಮುಗಿಯುವ ದೂರುಗಳು 100ಕ್ಕೆ 61 ಇದ್ದದ್ದು 78 ಆಗಿತ್ತು. 61ರ ಮೇಲೆ 17 ಹೆಚ್ಚಾದರೆ ಶೇ 28 ಎನ್ನುವುದು ಸರಿಯಾದ ಲೆಕ್ಕವೇ. ಆದರೆ ‘ಗುಣಮಟ್ಟ ಶೇ 28 ಹೆಚ್ಚಿತು’ ಎಂದು ಓದಿದವರಿಗೆ ಎಲ್ಲಿಂದ ಎಲ್ಲಿಗೆ ಎನ್ನುವುದು ತಿಳಿಯುವುದಿಲ್ಲ, ಗುಣಮಟ್ಟವನ್ನು ಅಳೆದದ್ದು ಹೇಗೆ ಎನ್ನುವುದೂ ತಿಳಿಯುವುದಿಲ್ಲ. ಆದ್ದರಿಂದ ಶೇಕಡಾವಾರು ಏರಿಕೆಯನ್ನು ಬಿಟ್ಟು ಮೊದಲಿನ ಮತ್ತು ಈಗಿನ ಎರಡು ಸಂಖ್ಯೆಗಳನ್ನೇ, ಅವಧಿಯ ಸಮೇತ, ಬರೆಯಲು ಹೇಳಿದೆ.

ಇನ್ನು ಕಾರ್ಯತಂತ್ರ. ‘ಗ್ರಾಹಕಕೇಂದ್ರಿತ ದೂರದೃಷ್ಟಿ’ ಎಂಬ ಸಾಲನ್ನು ಯಾವ ಅಭ್ಯರ್ಥಿಯ ಪತ್ರಕ್ಕೆ ಅಂಟಿಸಿದರೂ ಅಂಟಿಕೊಳ್ಳುತ್ತದೆ, ಆದ್ದರಿಂದ ಅದನ್ನು ಮೊದಲೇ ಹೊಡೆದುಹಾಕಿದೆವು. ಬಳಿಕ ನಾನು ಕೇಳಿದೆ: ‘ಈ 2 ವರ್ಷಗಳಲ್ಲಿ ನೀವು ಯಾವುದನ್ನು ಮಾಡಬಾರದೆಂದು ತೀರ್ಮಾನಿಸಿದಿರಿ? ಅದಕ್ಕೆ ಯಾರು ಅಡ್ಡಬಂದರು?’ ಅವರು ಬಹಳ ಹೊತ್ತು ಸುಮ್ಮನಿದ್ದು, ನಿಧಾನವಾಗಿ ಹೇಳತೊಡಗಿದರು. ಎಲ್ಲ ಗ್ರಾಹಕರಿಗೂ ದೂರು ಕೊಟ್ಟ ದಿನವೇ ತಂತ್ರಜ್ಞರನ್ನು ಕಳಿಸುತ್ತೇವೆ ಎಂಬ ಭರವಸೆ ಆ ಸಂಸ್ಥೆಯಲ್ಲಿತ್ತು. ಆ ಅವಸರದಲ್ಲಿ ತಂತ್ರಜ್ಞರು ಸರಿಯಾದ ಬಿಡಿಭಾಗವಿಲ್ಲದೆ ಹೋಗಿ, ಯಂತ್ರವನ್ನು ನೋಡಿ, ಬರಿಗೈಯಲ್ಲಿ ಮರಳುತ್ತಿದ್ದರು. ಮತ್ತೆ ಹೋಗುವುದೇ ದೊಡ್ಡ ಖರ್ಚಾಗಿತ್ತು. ಇವರು ಆ ಭರವಸೆಯನ್ನು ವಾರ್ಷಿಕ ಒಪ್ಪಂದವಿರುವ ಗ್ರಾಹಕರಿಗೆ ಮಾತ್ರ ಉಳಿಸಿ, ಉಳಿದವರ ದೂರನ್ನು ಮೊದಲು ಫೋನಿನಲ್ಲಿ ಪರಿಶೀಲಿಸಿ, ಮರುದಿನ ಬಿಡಿಭಾಗದೊಂದಿಗೇ ಹೋಗುವ ಕ್ರಮ ತಂದರು. ಮಾರಾಟ ವಿಭಾಗದ ಮುಖ್ಯಸ್ಥರು ಇದನ್ನು ಕಟುವಾಗಿ ವಿರೋಧಿಸಿದ್ದರು ಮತ್ತು ಮೊದಲ 4 ತಿಂಗಳು ಗ್ರಾಹಕರ ಅಸಮಾಧಾನ ಹೆಚ್ಚಾಗಿಯೂ ಇತ್ತು. ಜಗಳವಾಗಿದ್ದ ವಿಷಯವೆಂದು ಅವರು ಇದನ್ನು ಪತ್ರದಿಂದ ದೂರವಿಟ್ಟಿದ್ದರು. ನನ್ನ ದೃಷ್ಟಿಯಲ್ಲಿ ಇಡೀ ಅರ್ಜಿಯಲ್ಲಿ ಕಾರ್ಯತಂತ್ರವೆಂದು ಕರೆಯಬಹುದಾದದ್ದು ಅದೊಂದೇ, ಏಕೆಂದರೆ ಅಲ್ಲಿ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಟ್ಟಿದ್ದರು.

ಎರಡನೆಯ ಭೇಟಿಯ ಕೊನೆಗೆ ಪ್ಯಾರಾ ಈ ರೂಪಕ್ಕೆ ಬಂತು:

‘ಎರಡು ಸೇವಾ ಜಾಲಗಳನ್ನು ಒಂದುಗೂಡಿಸುವುದೇ ಈ ಹುದ್ದೆಯ ಮೊದಲ ಹೊಣೆಯೆಂದು ನಿಮ್ಮ ಪ್ರಕಟಣೆ ಹೇಳುತ್ತದೆ. ನಾನು ವಹಿಸಿಕೊಂಡಾಗ ನಮ್ಮ ವಿಭಾಗದಲ್ಲಿ 100 ದೂರುಗಳಲ್ಲಿ 39ಕ್ಕೆ ತಂತ್ರಜ್ಞರು ಮತ್ತೊಮ್ಮೆ ಹೋಗಬೇಕಾಗುತ್ತಿತ್ತು. ಬಿಡಿಭಾಗವಿಲ್ಲದೆ ಹೊರಡುವುದೇ ಅದಕ್ಕೆ ಮುಖ್ಯ ಕಾರಣವೆಂದು ಕಂಡುಕೊಂಡು, ಅದೇ ದಿನದ ಭೇಟಿಯ ಭರವಸೆಯನ್ನು ಒಪ್ಪಂದದ ಗ್ರಾಹಕರಿಗೆ ಸೀಮಿತಗೊಳಿಸಿ, ಉಳಿದ ದೂರುಗಳಿಗೆ ಫೋನಿನ ಪರಿಶೀಲನೆಯನ್ನು ಮೊದಲ ಹೆಜ್ಜೆಯಾಗಿಸಿದೆ. 2 ವರ್ಷಗಳಲ್ಲಿ ಎರಡನೆಯ ಭೇಟಿಗಳು 39ರಿಂದ 22ಕ್ಕೆ ಇಳಿದವು ಮತ್ತು ಒಂದು ದೂರಿನ ವೆಚ್ಚ ಶೇ 24 ಕಡಿಮೆಯಾಯಿತು. ನನಗೆ 6 ವ್ಯವಸ್ಥಾಪಕರು ವರದಿ ಮಾಡುತ್ತಾರೆ. ಅವರ ಮೂಲಕ 212 ಜನರ ತಂಡವನ್ನು ನಡೆಸುತ್ತಿದ್ದೇನೆ. ಇವರಲ್ಲಿ 48 ಜನ ಗುತ್ತಿಗೆಯವರು.’

ಮಾರಾಟ ಮುಖ್ಯಸ್ಥರ ವಿರೋಧವನ್ನೂ ಮೊದಲ 4 ತಿಂಗಳ ಅಸಮಾಧಾನವನ್ನೂ ಪತ್ರದಲ್ಲಿ ಸೇರಿಸಲಿಲ್ಲ. ಅವು ಮುಖಾಮುಖಿ ಸಂದರ್ಶನದಲ್ಲಿ ಹೇಳಬೇಕಾದ ವಿಷಯಗಳು, ಪತ್ರದಲ್ಲಿ ಬಂದರೆ ದೂರಿನಂತೆ ಕೇಳಿಸುತ್ತವೆ. ವೆಚ್ಚದ ಮೊತ್ತವನ್ನು ಹಣದ ರೂಪದಲ್ಲಿ ಬರೆಯಬೇಕೆಂದು ಅವರಿಗೆ ಆಸೆಯಿತ್ತು. ಆದರೆ ಆ ಮೊತ್ತ ಸಂಸ್ಥೆಯ ಒಳಗಿನ ಲೆಕ್ಕವಾಗಿದ್ದು ಹೊರಗೆ ಪ್ರಕಟವಾಗಿರಲಿಲ್ಲ, ಆದ್ದರಿಂದ ಬೇಡವೆಂದೆ. ಈಗಿನ ಸಂಸ್ಥೆಯ ಗುಟ್ಟನ್ನು ಪತ್ರದಲ್ಲಿ ಬಿಟ್ಟುಕೊಡುವವರು ನಾಳೆ ನಮ್ಮದನ್ನೂ ಬಿಟ್ಟುಕೊಡಬಹುದೆಂದು ಓದುವವರಿಗೆ ತೋರುವುದು ಸಹಜ. 310ರಿಂದ 212ಕ್ಕೆ ಬಂದ ಬಗೆಯನ್ನು ರೆಸ್ಯೂಮೆಯಲ್ಲಿ ಒಂದು ಸಾಲಿನಲ್ಲಿ ಹೇಳಿದೆವು. ಇಡೀ ಪತ್ರ ಒಂದು ಪುಟದೊಳಗೆ ನಿಂತಿತು.

ಒಂದು ಫಲಿತಾಂಶವನ್ನು ನಾವು ಬೇಕೆಂದೇ ಹಿಂದಿಟ್ಟೆವು. ಅದೇ ಅವಧಿಯಲ್ಲಿ ವಾರ್ಷಿಕ ಒಪ್ಪಂದಗಳನ್ನು ನವೀಕರಿಸುವ ಗ್ರಾಹಕರು 100ಕ್ಕೆ 81ರಿಂದ 88ಕ್ಕೆ ಏರಿದ್ದರು. ಆದರೆ ಮಾರಾಟ ವಿಭಾಗವೂ ಆ ವರ್ಷ ಒಪ್ಪಂದದ ದರಗಳನ್ನು ಬದಲಿಸಿತ್ತು, ಹೀಗಾಗಿ ಎಷ್ಟು ಭಾಗ ಯಾರದು ಎಂದು ಬೇರ್ಪಡಿಸಲು ದಾರಿಯಿರಲಿಲ್ಲ. ಅದನ್ನು ಕೊನೆಯ ಪ್ಯಾರಾದಲ್ಲಿ ‘ಮಾರಾಟ ವಿಭಾಗದೊಂದಿಗೆ ಸೇರಿ’ ಎಂಬ ಮಾತಿನೊಂದಿಗೆ ಬರೆದೆವು.

ಪರಿಷ್ಕರಿಸಿದ ಪತ್ರ ಕಳಿಸಿದ ಮೇಲೆ ಸಂದರ್ಶನಕ್ಕೆ ಕರೆ ಬಂತು. ಹೆಚ್ಚಿನ ಸಮಯ ಹೋದದ್ದು ಫೋನಿನ ಪರಿಶೀಲನೆಯನ್ನು ಹೇಗೆ ಜಾರಿಗೆ ತಂದರು ಎಂಬುದರ ಮೇಲೆ ಎಂದು ಅವರು ತಿಳಿಸಿದರು. ಶೇ 24 ಹೇಗೆ ಬಂತು ಎಂದು ಕೇಳಿದಾಗ ಕಾಗದ ತೆಗೆದುಕೊಂಡು ಲೆಕ್ಕ ಬಿಡಿಸಿ ತೋರಿಸಿದರಂತೆ. ಆ ಹುದ್ದೆ ಕೊನೆಗೆ ಈ ಮೊದಲೇ 600 ಜನರ ವಿಭಾಗ ನಡೆಸಿದ್ದ ಬೇರೊಬ್ಬರಿಗೆ ಹೋಯಿತು.

ಎರಡು ತಿಂಗಳ ಬಳಿಕ ಅವರು ಇನ್ನೊಂದು ಪ್ರಕಟಣೆಯೊಂದಿಗೆ ಬಂದರು. ಅದು ಗ್ರಾಹಕರನ್ನು ವೇಗವಾಗಿ ಕಳೆದುಕೊಳ್ಳುತ್ತಿದ್ದ ಸಣ್ಣ ಸಂಸ್ಥೆ. ಸೇವಾ ವಿಭಾಗದಲ್ಲಿ 150 ಜನ ಮಾತ್ರ. ಅಂಕಿಗಳನ್ನು ನಾವು ಮುಟ್ಟಲಿಲ್ಲ, ಅವುಗಳ ಸರದಿಯನ್ನು ಬದಲಿಸಿದೆವು. ಒಪ್ಪಂದ ನವೀಕರಣದ 81 ಮತ್ತು 88, ‘ಮಾರಾಟ ವಿಭಾಗದೊಂದಿಗೆ ಸೇರಿ’ ಎಂಬ ಮಾತಿನ ಸಮೇತ, ಮೊದಲ ಸಾಲಿಗೆ ಬಂದವು. ವೆಚ್ಚದ ಮಾತು ಕೊನೆಗೆ ಹೋಯಿತು.