‘ಅಂಗಡಿ ಮಾರಿಬಿಟ್ರಾ?’: ಒಂದು ಸಿಹಿತಿಂಡಿ ಅಂಗಡಿಯ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಹಳೇ ಮೈಸೂರು ಭಾಗದ ಊರು, ನಲವತ್ತು ವರ್ಷ ದಾಟಿದ ಅಂಗಡಿ. ದಸರೆಗೆ ಮುಂಚೆ ಮಗ ಒಂದೇ ವಾರದಲ್ಲಿ ಎಲ್ಲ ಬದಲಿಸಿದ. ಅಜ್ಜನ ಹೆಸರಿನ ಬೋರ್ಡು ಇಳಿದು ಇಂಗ್ಲಿಷ್ ಹೆಸರು ಏರಿತು. ಬಿಡಿ ತೂಕ ನಿಂತು ಕಾಲು ಕೆಜಿ, ಅರ್ಧ ಕೆಜಿ ಡಬ್ಬಿಗಳು ಬಂದವು. ಗಟ್ಟಿ ಮೈಸೂರು ಪಾಕ್ ಹೋಗಿ ಮೆತ್ತನೆಯದು ಬಂತು. ದೀಪಾವಳಿ ವ್ಯಾಪಾರ ಚೆನ್ನಾಗಿಯೇ ಆಯಿತು. ಆಮೇಲೆ ಬೆಳಗಿನ ಹಳೇ ಗಿರಾಕಿಗಳು ಕಡಿಮೆಯಾದರು. “ಬೋರ್ಡ್ ನೋಡ್ಕೊಂಡು ಯಾರು ಅಂಗಡಿ ಬಿಡ್ತಾರೆ ಅಪ್ಪಾ?” ಎಂಬುದು ಮಗನ ವಾದ. ತಂದೆಗೆ ಹೆಸರು ತೆಗೆದದ್ದೇ ತಪ್ಪು.

ಸಲಹೆ ಕೇಳಿದಾಗ ನಾವು ಜಗಳ ತೀರ್ಮಾನಿಸುವ ಬದಲು ಗಲ್ಲಾ ಪಕ್ಕ ಒಂದು ನೋಟ್‌ಬುಕ್ ಇಡಿಸಿದೆವು. ಹದಿನೈದು ದಿನ ವಯಸ್ಸಾದವರು ಆಡಿದ ಮಾತನ್ನು ಹಾಗೇ ಬರೆಯಬೇಕು, ಖಾಲಿ ಕೈಯಲ್ಲಿ ಹೋದವರದ್ದನ್ನು ಬಿಡದೆ. “ಹೊಸ ಅಂಗಡಿ ಹೇಗಿದೆ?” ಎಂದು ಮಾತ್ರ ಕೇಳಬಾರದು, ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ.

ಪುಟ ತುಂಬಿದ್ದು ಮೂರು ಮಾತು: “ಮಾರಿಬಿಟ್ರಾ?”, “ನೂರು ಗ್ರಾಂ ಕೊಡಲ್ವಾ?”, “ಇದು ಆ ಪಾಕ್ ಅಲ್ಲ.” ಗಾಜು, ದೀಪ, ಬಣ್ಣದ ಬಗ್ಗೆ ಒಬ್ಬರದ್ದೂ ತಕರಾರಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಕುದಿಯುವ ಪಾಕ, ಕಡಲೆಹಿಟ್ಟಿಗೆ ಕಾದ ತುಪ್ಪ ಸುರಿದಾಗ ನೊರೆಯೆದ್ದು ಗಟ್ಟಿ ಪಾಕಿನಲ್ಲಿ ಗೂಡುಗಳಾಗುತ್ತವೆ. ತಟ್ಟೆಗೆ ದಪ್ಪಗೆ ಹೊಯ್ದರೆ ಒಳಗಿನ ಬಿಸಿಗೆ ನಡುಭಾಗ ಕೆಂಪಾಗುತ್ತದೆ. ಹಳಬರು ತುಂಡು ಮುರಿದು ನೋಡುವುದು ಆ ಕೆಂಪನ್ನೇ. ಫೋಟೋದಲ್ಲಿ ಬಣ್ಣ ಒಂದೇ ಸಮ ಇರಲಿ ಎಂದು ಮಗ ಅದನ್ನೇ ಕೈಬಿಟ್ಟಿದ್ದ. ಬೋರ್ಡು, ರುಚಿ ಎರಡೂ ಒಟ್ಟಿಗೆ ಬದಲಾದರೆ ಗಿರಾಕಿಗೆ ತೋಚುವುದು ಒಂದೇ: ಮಾಲೀಕರು ಬದಲಾಗಿದ್ದಾರೆ.

ಕೊಟ್ಟ ಸಲಹೆ ಹೀಗಿತ್ತು. ಮೊದಲ ವಾರವೇ ಗಟ್ಟಿ ಪಾಕ್ ವಾಪಸ್ ಬರಲಿ, ಅದೇ ಬಾಣಸಿಗರ ಕೈಯಲ್ಲಿ. ಚೀಟಿಯಲ್ಲಿ ‘ಗಟ್ಟಿ’, ‘ಮೆತ್ತನೆ’ ಎಂದು ಬೇರೆ ಬೇರೆ ಬರೆಯಿರಿ. ಬಿಡಿ ಮಾರಾಟಕ್ಕೆ ನಿಷೇಧವಿದೆ ಎಂದು ಮಗ ತಿಳಿದಿದ್ದ, ಹಾಗಿಲ್ಲ. 2020ರ ಅಕ್ಟೋಬರ್‌ನಿಂದ ಇರುವ ನಿಯಮ, ಬಿಡಿ ಸಿಹಿಯ ತಟ್ಟೆಯ ಮುಂದೆ ಯಾವ ದಿನಾಂಕದೊಳಗೆ ತಿನ್ನಬೇಕೆಂದು ಬರೆದಿಡಬೇಕು ಎಂಬುದು. ಆ ಚೀಟಿ ಇಟ್ಟು ತಕ್ಕಡಿ ಮತ್ತೆ ಮುಂದೆ ಬರಲಿ, ನೂರು ಗ್ರಾಂ ಕೇಳಿದವರಿಗೆ ಮುಖ ಸಿಂಡರಿಸದೆ ತೂಗಿಕೊಡಿ. ಡಬ್ಬಿಯ ತೂಕ ಸೇರಿಸಬೇಡಿ. ಹಳಬರು ಮುಳ್ಳನ್ನೇ ನೋಡುತ್ತಾ ಬೆಳೆದವರು.

ಬೋರ್ಡು ಕೊನೆಗೆ. ಅಜ್ಜನ ಹೆಸರು ದೊಡ್ಡದಾಗಿ ಕನ್ನಡದಲ್ಲಿ, ಇಂಗ್ಲಿಷ್ ಹೆಸರು ಅದರ ಕೆಳಗೆ ಸಣ್ಣದಾಗಿ. ಶೇ 60ರಷ್ಟು ಕನ್ನಡವಿರಬೇಕೆಂಬ ಕಾನೂನಿಗೂ ಇದು ಸರಿಹೊಂದುತ್ತದೆ. ಅಚ್ಚಾಗಿರುವ ಹೊಸ ಡಬ್ಬಿಗಳನ್ನು ಮದುವೆ, ಕಚೇರಿ ಆರ್ಡರ್‌ಗಳಿಗೆ ಖರ್ಚು ಮಾಡಿ. ಮುಂದಿನ ಎರಡು ತಿಂಗಳು ಬೆಲೆ ಏರಿಸಬೇಡಿ, ಮತ್ತು ಬೆಳಗ್ಗೆ ಹತ್ತರವರೆಗೆ ತಂದೆ ಗಲ್ಲಾದಲ್ಲೇ ಕೂರಲಿ. “ಮಾರಿಬಿಟ್ರಾ?” ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತಿಲ್ಲ.

ಹತ್ತು ಗಂಟೆಯೊಳಗಿನ ನೂರು-ಇನ್ನೂರು ಗ್ರಾಂ ಬಿಲ್‌ಗಳನ್ನು ಪ್ರತಿ ಶನಿವಾರ ಎಣಿಸಲು ಹೇಳಿದ್ದೇವೆ. ಎರಡು ತಿಂಗಳಾದರೂ ಅವು ಏರದಿದ್ದರೆ ಬೋರ್ಡನ್ನು ಬಿಟ್ಟು ಬಾಣಲೆಯ ಕಡೆ ನೋಡಬೇಕು.