ನೇಮ್‌ಪ್ಲೇಟ್ ಲೆಕ್ಕ: ಗುಣಿಸಿದರೆ ಯಾಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ಮೋಟಾರಿನ ಪ್ಲೇಟ್ ಮೇಲೆ 3.7 ಕಿಲೋವ್ಯಾಟ್, 415 ವೋಲ್ಟ್, 7.5 ಆಂಪ್, 50 ಹರ್ಟ್ಸ್, ತ್ರೀ ಫೇಸ್, 1440 ಆರ್‌ಪಿಎಂ ಅಂತಿದೆ. 415ನ್ನು 7.5ರಿಂದ ಗುಣಿಸಿದರೆ 3112 ವ್ಯಾಟ್ ಮಾತ್ರ ಬರುತ್ತೆ. ಪ್ಲೇಟೇ ತಪ್ಪಾ? ಇದನ್ನು 5 ಕೆವಿಎ ಜನರೇಟರ್‌ನಲ್ಲಿ ಓಡಿಸಬಹುದಾ?

ಉತ್ತರ: ಪ್ಲೇಟ್ ಸರಿಯಾಗಿಯೇ ಇದೆ. 5 ಕೆವಿಎ ಜನರೇಟರ್ ಸಾಲುವುದಿಲ್ಲ, ಮೋಟಾರು ಓಡುತ್ತಿರುವಾಗಲೂ ಸಾಲುವುದಿಲ್ಲ. ಸ್ಟಾರ್ಟ್ ಆಗುವಾಗಿನ ಮಾತಂತೂ ಬೇರೆಯೇ.

ಮೊದಲು ಗುಣಾಕಾರ ನೋಡೋಣ. 415 ಎನ್ನುವುದು ಎರಡು ಫೇಸ್‌ಗಳ ನಡುವೆ ಅಳೆದ ವೋಲ್ಟೇಜ್. ಒಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ಅಳೆದರೆ ಸುಮಾರು 240 ಬರುತ್ತದೆ. ಮೋಟಾರಿಗೆ ಕರೆಂಟ್ ಬರುವುದು ಮೂರು ತಂತಿಗಳಲ್ಲಿ, ಒಂದೊಂದರಲ್ಲೂ 7.5 ಆಂಪ್. ಹಾಗಾಗಿ 240 × 7.5 ಮಾಡಿ, ಅದನ್ನು ಮೂರರಿಂದ ಗುಣಿಸಿದರೆ 5400. ಇದನ್ನೇ ಎಲೆಕ್ಟ್ರಿಷಿಯನ್‌ಗಳು ಒಂದೇ ಏಟಿಗೆ ಹೀಗೆ ಹಾಕುತ್ತಾರೆ:

1.732 × 415 × 7.5 = 5391

1.732 ಅಂದರೆ 3ರ ವರ್ಗಮೂಲ. ಈ 5391 ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಸಾವಿರದಿಂದ ಭಾಗಿಸಿದರೆ 5.39 ಕೆವಿಎ. ಪೂರ್ತಿ ಲೋಡ್ ಇದ್ದಾಗ ಮೋಟಾರು ಸಪ್ಲೈಯಿಂದ ಎಳೆದುಕೊಳ್ಳುವುದು ಇಷ್ಟು.

ಇನ್ನು ಇದರಿಂದ 3.7 ಕಿಲೋವ್ಯಾಟ್‌ಗೆ ಇಳಿಯಬೇಕು. ಅದಕ್ಕೆ ಪ್ಲೇಟಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರುವ ಎರಡು ಅಂಕಿಗಳು ಬೇಕು: ಪವರ್ ಫ್ಯಾಕ್ಟರ್ (ಕೆಲವು ಪ್ಲೇಟುಗಳಲ್ಲಿ ಕಾಸ್ ಫೈ ಎಂದಿರುತ್ತದೆ) ಮತ್ತು ಎಫಿಶಿಯೆನ್ಸಿ, ಅಂದರೆ ದಕ್ಷತೆ. ಈ ಗಾತ್ರದ ಮೋಟಾರಿಗೆ 0.81 ಮತ್ತು 85 ಶೇಕಡಾ ಎಂದು ಇಟ್ಟುಕೊಳ್ಳೋಣ. ನಿಮ್ಮ ಪ್ಲೇಟಿನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಕೊಳ್ಳಿ.

5391 × 0.81 = 4367 ವ್ಯಾಟ್
4367 × 0.85 = 3712 ವ್ಯಾಟ್

ಬಂತಲ್ಲ, 3.7 ಕಿಲೋವ್ಯಾಟ್! ಮೋಟಾರಿನ ಪ್ಲೇಟ್ ಮೇಲಿನ ಕಿಲೋವ್ಯಾಟ್ ಅಂದರೆ ಶಾಫ್ಟ್‌ನಲ್ಲಿ ಸಿಗುವ ಶಕ್ತಿ, ಮೋಟಾರು ತಿನ್ನುವ ಕರೆಂಟಿನ ಲೆಕ್ಕವಲ್ಲ. ಹಾರ್ಸ್‌ಪವರ್‌ನಲ್ಲಿ ಬರೆದಿದ್ದರೂ ಅಷ್ಟೇ: 5 ಎಚ್‌ಪಿ × 0.746 = 3.73 ಕಿಲೋವ್ಯಾಟ್, ಅದೂ ಶಾಫ್ಟ್‌ನದ್ದೇ. ಇಸ್ತ್ರಿಪೆಟ್ಟಿಗೆ, ಹೀಟರ್, ಟಿವಿ ಇವುಗಳ ಪ್ಲೇಟಿನಲ್ಲಿ ಬರೆದ ವ್ಯಾಟ್ ಮಾತ್ರ ಅವು ಎಳೆಯುವ ಶಕ್ತಿ. ಒಂದೇ ಹೆಸರಿನ ಅಂಕಿಗೆ ಎರಡು ಕಡೆ ಎರಡು ಅರ್ಥ ಇರುವುದರಿಂದಲೇ ಮುಕ್ಕಾಲು ಪಾಲು ಗೊಂದಲ. ಮೈಕ್ರೋವೇವ್ ಓವನ್‌ನಲ್ಲಿ ಎರಡನ್ನೂ ಬರೆದಿರುತ್ತಾರೆ, ಒಳಗೆ ಹೋಗುವುದು ದೊಡ್ಡ ಅಂಕಿ.

ಮಧ್ಯದ 4367 ವ್ಯಾಟ್ ಏನು? ಮೀಟರ್‌ನಲ್ಲಿ ಯೂನಿಟ್ ಆಗಿ ಓಡುವುದು ಅದು. ಪೂರ್ತಿ ಲೋಡ್‌ನಲ್ಲಿ ಒಂದು ಗಂಟೆ ಓಡಿದರೆ ಸುಮಾರು 4.4 ಯೂನಿಟ್. ಅದಕ್ಕೂ 5.39 ಕೆವಿಎಗೂ ವ್ಯತ್ಯಾಸ ಬರುವುದು, ಮೋಟಾರಿನ ಕಬ್ಬಿಣದಲ್ಲಿ ಕಾಂತಕ್ಷೇತ್ರ ಎಬ್ಬಿಸಲು ಒಂದಷ್ಟು ಕರೆಂಟ್ ಬೇಕಾಗುವುದರಿಂದ. ಅದು ಒಳಗೆ ಹೋಗುತ್ತದೆ, ಮರುಗಳಿಗೆ ಸಪ್ಲೈಗೆ ವಾಪಸ್ ಬರುತ್ತದೆ, ಯಾವ ಕೆಲಸವನ್ನೂ ಮಾಡುವುದಿಲ್ಲ. ಆದರೆ ಹೋಗಿ ಬರುವಾಗ ತಂತಿಯನ್ನಂತೂ ಬಿಸಿ ಮಾಡುತ್ತದೆ. ಜನರೇಟರಿನ ವೈಂಡಿಂಗ್‌ಗೂ ಟ್ರಾನ್ಸ್‌ಫಾರ್ಮರಿಗೂ ಆಂಪ್ ಎಷ್ಟು ಎಂಬುದಷ್ಟೇ ಲೆಕ್ಕ, ಆ ಆಂಪ್ ಕೆಲಸ ಮಾಡಿತೋ ಸುಮ್ಮನೆ ತಿರುಗಾಡಿತೋ ಎಂಬುದಲ್ಲ. ಅದಕ್ಕೇ ಅವುಗಳ ಮೇಲೆ ಕೆವಿಎ ಬರೆಯುತ್ತಾರೆ.

ಈಗ ಜನರೇಟರ್. 5 ಕೆವಿಎ, ಪವರ್ ಫ್ಯಾಕ್ಟರ್ 0.8 ಎಂದಿದ್ದರೆ ಅದರ ಎಂಜಿನ್ ಕೊಡುವುದು 4 ಕಿಲೋವ್ಯಾಟ್. ನಿಮಗೆ ಬೇಕಾದದ್ದು 5.39 ಕೆವಿಎ, 4.37 ಕಿಲೋವ್ಯಾಟ್. ಎರಡರಲ್ಲೂ ಕಡಿಮೆ. ಜೊತೆಗೆ ಅದರ ಪ್ಲೇಟಿನಲ್ಲಿ ಫೇಸ್ ಎಷ್ಟು ಎಂದು ನೋಡಿ. ಸಣ್ಣ ಜನರೇಟರ್‌ಗಳಲ್ಲಿ ಬಹಳಷ್ಟು ಸಿಂಗಲ್ ಫೇಸಿನವೇ. ಅದಕ್ಕೆ ಈ ಮೋಟಾರು ಕೂರುವುದೇ ಇಲ್ಲ.

ನಿಜವಾದ ತೊಂದರೆ ಸ್ಟಾರ್ಟ್ ಆಗುವಾಗಿನದು, ಆ ಅಂಕಿಯನ್ನು ಹೆಚ್ಚಿನ ಪ್ಲೇಟುಗಳಲ್ಲಿ ಬರೆದಿರುವುದಿಲ್ಲ. ಸಪ್ಲೈಗೆ ನೇರವಾಗಿ ಕೊಟ್ಟರೆ, ನಿಂತ ಮೋಟಾರು ಸ್ಪೀಡ್ ಹಿಡಿಯುವವರೆಗೆ ಪ್ಲೇಟಿನ ಆಂಪ್‌ನ ಆರೇಳು ಪಟ್ಟು ಎಳೆಯುತ್ತದೆ. ಆರು ಪಟ್ಟು ಎಂದರೂ 45 ಆಂಪ್, ಅಂದರೆ 32 ಕೆವಿಎ. ಸಣ್ಣ ಜನರೇಟರ್ ಅಷ್ಟು ಕೊಡಲಾರದೆ ವೋಲ್ಟೇಜ್ ಕುಸಿಯುತ್ತದೆ. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, ವೋಲ್ಟೇಜ್ 70 ಶೇಕಡಾಕ್ಕೆ ಬಿದ್ದರೆ ಬಲ ಅರ್ಧಕ್ಕೆ ಬರುತ್ತದೆ. ಮೋಟಾರು ಗುಂಯ್ ಅನ್ನುತ್ತಾ ತೆವಳುತ್ತದೆ, ಸ್ಟಾರ್ಟರಿನ ಕಾಂಟ್ಯಾಕ್ಟರ್ ಹಿಡಿತ ಬಿಟ್ಟು ಟಕಟಕ ಬಡಿಯುತ್ತದೆ. ಈ ಸದ್ದು ಕೇಳಿಸಿದರೆ ತಕ್ಷಣ ಆಫ್ ಮಾಡಿ, ಇಲ್ಲವಾದರೆ ಕಾಂಟ್ಯಾಕ್ಟುಗಳು ಸುಟ್ಟು ಅಂಟಿಕೊಳ್ಳುತ್ತವೆ.

ನೇರ ಸ್ಟಾರ್ಟರ್ ಆದರೆ ಓಡುವ ಕೆವಿಎಯ ಎರಡೂವರೆಯಿಂದ ಮೂರು ಪಟ್ಟು ನೋಡಿಕೊಳ್ಳಿ, ಅಂದರೆ 15 ಕೆವಿಎ ಜನರೇಟರ್. ವೈಂಡಿಂಗುಗಳನ್ನು ಮೊದಲು ಕಡಿಮೆ ವೋಲ್ಟೇಜ್ ಬೀಳುವ ಸ್ಟಾರ್ ಜೋಡಣೆಯಲ್ಲಿಟ್ಟು, ಸ್ಪೀಡ್ ಹಿಡಿದ ಮೇಲೆ ಡೆಲ್ಟಾಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಎಳೆತ ಮೂರರಲ್ಲಿ ಒಂದು ಪಾಲಿಗೆ, 15 ಆಂಪ್‌ಗೆ, ಇಳಿಯುತ್ತದೆ. ಆಗ 12.5 ಕೆವಿಎ ಸಾಕಾಗಬಹುದು. ಆದರೆ ಶುರುವಿನ ಬಲವೂ ಮೂರರಲ್ಲಿ ಒಂದು ಪಾಲಾಗುವುದರಿಂದ, ಭಾರ ಹೊತ್ತೇ ಹೊರಡಬೇಕಾದ ಯಂತ್ರಗಳಿಗೆ ಇದು ಆಗಿಬರುವುದಿಲ್ಲ.

ಸ್ಟಾರ್-ಡೆಲ್ಟಾ ಹಾಕುವ ಮುನ್ನ ಪ್ಲೇಟಿನಲ್ಲಿ 415ರ ಪಕ್ಕದ ಗುರುತನ್ನು ಹತ್ತಿರದಿಂದ ನೋಡಿ. ಸಣ್ಣ ತ್ರಿಕೋನ ಇದ್ದರೆ ಅದು ಡೆಲ್ಟಾ. ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿಗಳೂ ಇದ್ದರೆ ಸ್ಟಾರ್ಟರ್ ಹಾಕಬಹುದು. 240/415 ಎಂದು ಎರಡು ವೋಲ್ಟೇಜ್ ಬರೆದು, 240ರ ಕಡೆ ತ್ರಿಕೋನ, 415ರ ಕಡೆ ಸ್ಟಾರ್‌ನ ಮೂರು ಕವಲಿನ ಗುರುತು ಇದ್ದರೆ ಬೇಡವೇ ಬೇಡ. ಆ ಮೋಟಾರಿನ ಒಂದೊಂದು ವೈಂಡಿಂಗ್ ತಡೆಯುವುದು 240 ವೋಲ್ಟ್. 415ರ ಸಪ್ಲೈನಲ್ಲಿ ಅದನ್ನು ಡೆಲ್ಟಾ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಸುಡುತ್ತದೆ.

ಆಂಪ್‌ನ ಅಂಕಿ ಮತ್ತೊಂದು ಕಡೆ ಕೈಕೊಡುತ್ತದೆ: ಆಂಪ್ ಮಿತಿ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯಲ್ಲಿ. ನೇರ ಸ್ಟಾರ್ಟರಿನಲ್ಲಿ ಅದನ್ನು 7.5ಕ್ಕೆ ಇಡಬೇಕು. ಸ್ಟಾರ್-ಡೆಲ್ಟಾದಲ್ಲಿ ರಿಲೇ ಸಾಮಾನ್ಯವಾಗಿ ವೈಂಡಿಂಗಿನ ದಾರಿಯಲ್ಲಿ ಕೂತಿರುತ್ತದೆ, ಅಲ್ಲಿ ಹರಿಯುವುದು 7.5ನ್ನು 1.732ರಿಂದ ಭಾಗಿಸಿದಷ್ಟು, ಅಂದರೆ 4.3 ಆಂಪ್. ಪ್ಲೇಟ್ ನೋಡಿಕೊಂಡು ಅಲ್ಲೂ 7.5 ಇಟ್ಟವರ ಮೋಟಾರು ಸುಟ್ಟರೂ ರಿಲೇ ಟ್ರಿಪ್ ಆಗುವುದಿಲ್ಲ. ಪಾಪ, ಬೈಸಿಕೊಳ್ಳುವುದು ಮಾತ್ರ ರಿಲೇ.

ಕ್ಲ್ಯಾಂಪ್ ಮೀಟರ್ ಹಿಡಿದಾಗ 5 ಆಂಪ್ ತೋರಿಸಿದರೆ ಗಾಬರಿ ಬೇಡ. 7.5 ಆಂಪ್, 1440 ಆರ್‌ಪಿಎಂ ಎರಡೂ ಪೂರ್ತಿ ಲೋಡಿನ ಮಾತು. ಲೋಡ್ ಕಡಿಮೆ ಇದ್ದರೆ ಆಂಪ್ ಇಳಿಯುತ್ತದೆ, ಸ್ಪೀಡ್ 1500ರ ಹತ್ತಿರಕ್ಕೆ ಏರುತ್ತದೆ. 8.4 ತೋರಿಸಿದರೆ ಮೋಟಾರನ್ನು ಬಿಚ್ಚುವ ಮುಂಚೆ ವೋಲ್ಟೇಜ್ ಅಳೆಯಿರಿ. 370ಕ್ಕೆ ಇಳಿದಿದ್ದರೆ, ಅದೇ ಲೋಡನ್ನು ಎಳೆಯಲು ಮೋಟಾರು ಹೆಚ್ಚು ಆಂಪ್ ಕೇಳುತ್ತಿದೆ ಅಷ್ಟೇ: 7.5 × 415 ÷ 370 ಮಾಡಿದರೆ 8.4 ಬರುತ್ತದೆ. ತಪ್ಪು ಸಪ್ಲೈಯದು, ಆದರೂ ಬಿಸಿಯಾಗುವುದು ವೈಂಡಿಂಗೇ. ಹಾಗೇ ಓಡಲು ಬಿಡಬಾರದು.

ಪ್ರಶ್ನೆ: ಹೊರದೇಶದಿಂದ ತಂದ ಮಿಕ್ಸರ್‌ನ ತಳದಲ್ಲಿ 120 ವೋಲ್ಟ್, 60 ಹರ್ಟ್ಸ್, 500 ವ್ಯಾಟ್ ಅಂತಿದೆ. ನಮ್ಮ ಸಪ್ಲೈ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕಾ?

ಉತ್ತರ: ಮಿಕ್ಸರ್‌ಗೆ ಸಾಮಾನ್ಯವಾಗಿ ಸಾಕು. ಇದೇ ಪ್ಲೇಟ್ ಟೇಬಲ್ ಫ್ಯಾನ್ ಅಥವಾ ಹಳೆಯ ಫ್ರಿಜ್‌ನ ಮೇಲಿದ್ದರೆ ಉತ್ತರ ಬೇರೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸನ್ನು ಮುಟ್ಟುವುದಿಲ್ಲ. ಮಿಕ್ಸರ್‌ನಲ್ಲಿರುವುದು ಕಾರ್ಬನ್ ಬ್ರಷ್ ಇರುವ ಮೋಟಾರು, ಅದಕ್ಕೆ 50 ಆದರೂ 60 ಆದರೂ ಹೆಚ್ಚು ವ್ಯತ್ಯಾಸವಿಲ್ಲ. ಬ್ರಷ್ ಇಲ್ಲದ ಇಂಡಕ್ಷನ್ ಮೋಟಾರಿನ ಸ್ಪೀಡ್ ಹರ್ಟ್ಸ್‌ಗೆ ಕಟ್ಟಿಹಾಕಿದಂತೆ: 60ರಲ್ಲಿ 3450 ತಿರುಗುವುದು 50ರಲ್ಲಿ 2850ರ ಸುಮಾರಿಗೆ ಇಳಿಯುತ್ತದೆ. ವೋಲ್ಟೇಜನ್ನು 120ರಲ್ಲೇ ಬಿಟ್ಟರೆ ಕಬ್ಬಿಣದಲ್ಲಿ ಕಾಂತಕ್ಷೇತ್ರ ಐದರಲ್ಲಿ ಒಂದು ಪಾಲು ಹೆಚ್ಚುತ್ತದೆ, ಆಂಪ್ ಅದಕ್ಕಿಂತ ಜಾಸ್ತಿ ಏರುತ್ತದೆ. ತಂಪು ಮಾಡುವ ಫ್ಯಾನ್ ನಿಧಾನ, ವೈಂಡಿಂಗ್ ಬಿಸಿ ಹೆಚ್ಚು. ಅಂಥ ಮೋಟಾರಿಗೆ 120ರ ಬದಲು 100 ವೋಲ್ಟ್ ಕೊಟ್ಟರೆ ಕ್ಷೇತ್ರ ಮೊದಲಿನಷ್ಟೇ ಉಳಿಯುತ್ತದೆ, ಕೆಲಸ ಮಾತ್ರ ಕಡಿಮೆ ಸಿಗುತ್ತದೆ.

ಯಾವ ಮೋಟಾರು ಎಂದು ತಿಳಿಯಲು ಪ್ಲೇಟಿನ ಆರ್‌ಪಿಎಂ ನೋಡಿ. 60 ಹರ್ಟ್ಸ್‌ನಲ್ಲಿ ನೇರ ಸಪ್ಲೈಗೆ ಸಿಕ್ಕಿಸಿದ ಇಂಡಕ್ಷನ್ ಮೋಟಾರು 3600 ದಾಟುವುದೇ ಇಲ್ಲ. 10,000, 18,000 ಎಂದಿದ್ದರೆ ಅದು ಬ್ರಷ್ ಮೋಟಾರು. ಆರ್‌ಪಿಎಂ ಬರೆದಿಲ್ಲದಿದ್ದರೆ ಗಾಳಿಕಿಂಡಿಯೊಳಗೆ ನೋಡಿ, ಓಡುವಾಗ ನೀಲಿ ಕಿಡಿ ಕಾಣಿಸುತ್ತದೆ.

ಟ್ರಾನ್ಸ್‌ಫಾರ್ಮರಿನ ಗಾತ್ರಕ್ಕೆ 500 ವ್ಯಾಟನ್ನೇ ನೆಚ್ಚಬೇಡಿ. ಪ್ಲೇಟಿನಲ್ಲಿ ಆಂಪ್ ಇದ್ದರೆ 120ರಿಂದ ಗುಣಿಸಿ. 5 ಆಂಪ್ ಇದ್ದರೆ 600 ವೋಲ್ಟ್-ಆಂಪಿಯರ್ ಆಯಿತು. ಶುರುವಿನ ಎಳೆತಕ್ಕೂ ಸೇರಿಸಿ 1 ಕೆವಿಎ ತೆಗೆದುಕೊಳ್ಳುವುದು ಒಳ್ಳೆಯದು. ಕೊಳ್ಳುವಾಗ ಟ್ರಾನ್ಸ್‌ಫಾರ್ಮರಿನ ಪ್ಲೇಟನ್ನೂ ಓದಿ. ಅದರ ಮೇಲೆ 50 ಅಥವಾ 50/60 ಹರ್ಟ್ಸ್ ಇರಬೇಕು. ಬರೀ 60 ಎಂದಿದ್ದರೆ ಮಿಕ್ಸರ್ ಸುಖವಾಗಿ ಓಡುತ್ತಿರುವಾಗ ಟ್ರಾನ್ಸ್‌ಫಾರ್ಮರೇ ಕಾದು ವಾಸನೆ ಬರಲು ಶುರುವಾಗಬಹುದು.