ಬೆಳಗಿನ ನಾಲ್ಕು ಲೋಟ ನೀರು

“ಎದ್ದ ತಕ್ಷಣ ನಾಲ್ಕು ಲೋಟ ನೀರು ಕುಡಿದರೆ ದೇಹದ ವಿಷವೆಲ್ಲ ಹೊರಗೆ ಹೋಗುತ್ತದಂತೆ, ನಿಜವೇ? ಮನೆಯವರಿಗೆಲ್ಲ ಅಭ್ಯಾಸ ಮಾಡಿಸಬಹುದಾ?”

ಹೀಗೊಂದು ಪ್ರಶ್ನೆ ಬಂದಿದೆ. ಅದರಲ್ಲಿ ಎರಡನೇ ಮಾತೇ ನನ್ನನ್ನು ಕೆಡಿಸಿದ್ದು. ಐದೂವರೆಗೆ ಎದ್ದು ಒಂದು ಲೀಟರ್ ಕುಡಿಯುತ್ತಿದ್ದೆ. ಒಂದು ಗಂಟೆಯೊಳಗೆ ಮೂತ್ರ ನೀರಿನ ಹಾಗೆ ತಿಳಿಯಾಗುತ್ತಿತ್ತು. ಒಳಗೆಲ್ಲ ತೊಳೆದುಹೋಯಿತು ಎಂದುಕೊಂಡು ಅಮ್ಮನಿಗೂ ಶುರುಮಾಡಿಸಿದೆ. ಮೂರು ವಾರಕ್ಕೆ ಅವರಿಗೆ ವಾಕರಿಕೆ, ತಲೆಭಾರ. ಒಂದು ಬೆಳಿಗ್ಗೆ ವಾರ ಯಾವುದೆಂದೇ ಗೊತ್ತಾಗದೆ ತಡವರಿಸಿದರು. ರಕ್ತ ಪರೀಕ್ಷೆಯಲ್ಲಿ ಉಪ್ಪಿನಂಶ, ಅಂದರೆ ಸೋಡಿಯಂ, 124. ಇರಬೇಕಾದದ್ದು 135ರಿಂದ 145.

ನಾನು ಕೇಳದೇ ಬಿಟ್ಟದ್ದು ಒಂದೇ: ಅವರ ಬಿಪಿ ಮಾತ್ರೆಯಲ್ಲಿ ಏನಿದೆ? ಅದರಲ್ಲಿ ಉಪ್ಪನ್ನು ಮೂತ್ರದಲ್ಲಿ ಹೊರಹಾಕಿಸುವ ಹೈಡ್ರೋಕ್ಲೋರೋಥಯಾಜೈಡ್ ಎಂಬ ಔಷಧ ಇತ್ತು. ಅರವತ್ತು ಕೆಜಿಯವರ ಮೈಯಲ್ಲಿ ಸುಮಾರು 33 ಲೀಟರ್ ನೀರಿರುತ್ತದೆ ಅಂದುಕೊಳ್ಳಿ. ಅದಕ್ಕೆ ಒಂದು ಲೀಟರ್ ಸೇರಿ, ಹಾಗೇ ಉಳಿದರೆ, 140 ಇದ್ದ ಸೋಡಿಯಂ 136ರ ಹತ್ತಿರಕ್ಕೆ ಬರುತ್ತದೆ. ಆದರೆ ಉಳಿಯುವುದಿಲ್ಲ. ರಕ್ತ ಶೇಕಡಾ ಒಂದೆರಡರಷ್ಟು ತೆಳುವಾದರೂ ಮೆದುಳು ಗಮನಿಸಿ, ನೀರು ಹಿಡಿದಿಡುವ ವ್ಯಾಸೊಪ್ರೆಸಿನ್ ಹಾರ್ಮೋನನ್ನು ತಡೆಯುತ್ತದೆ. ಆಗ ಮೂತ್ರಪಿಂಡ ಹೆಚ್ಚಿನ ನೀರನ್ನು ತೆಳು ಮೂತ್ರವಾಗಿ ಹೊರಗೆ ಬಿಡುತ್ತದೆ. ಆರೋಗ್ಯವಂತರಲ್ಲಿ ಎರಡು ಮೂರು ಗಂಟೆಯಲ್ಲಿ ಲೆಕ್ಕ ಚುಕ್ತಾ. ಮೂತ್ರ ತೆಳುವಾಗಬೇಕಾದರೆ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಉಪ್ಪನ್ನು ಹಿಂದಕ್ಕೆ ಎಳೆದುಕೊಂಡು ನೀರನ್ನು ಮಾತ್ರ ಬಿಡಬೇಕು. ಈ ಮಾತ್ರೆ ತಡೆಯುವುದು ಸರಿಯಾಗಿ ಆ ಕೆಲಸವನ್ನೇ. ಉಪ್ಪು ಹೋಗುತ್ತದೆ, ನೀರು ಉಳಿಯುತ್ತದೆ. ನಾನು ಸುರಿದ ನೀರು ದಿನದಿಂದ ದಿನಕ್ಕೆ ಅಲ್ಲೇ ನಿಲ್ಲುತ್ತಾ ಬಂದಿತ್ತು. ವೈದ್ಯರು ಮಾತ್ರೆ ಬದಲಿಸಿ ನೀರಿಗೆ ಮಿತಿ ಹಾಕಿದರು.

ಇನ್ನು ನನ್ನ ಆ ತಿಳಿ ಮೂತ್ರ? ಅದು ತೊಳೆದ ಗುರುತಲ್ಲ. ಕುಡಿದ ನೀರೇ ವಾಪಸ್ ಬಂದದ್ದು. ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬಹುಪಾಲನ್ನು ರಕ್ತಕ್ಕೇ ಮರಳಿಸುತ್ತದೆ. ಯೂರಿಯಾದಂಥ ಕಶ್ಮಲ ನೀವು ಮಲಗಿದ್ದಾಗಲೂ ಹೋಗುತ್ತಲೇ ಇರುತ್ತದೆ. ಬೆಳಗಿನ ಹಳದಿ ಮೂತ್ರ ಅಂದರೆ ರಾತ್ರಿ ನೀರನ್ನು ಉಳಿಸಿಕೊಂಡಿದೆ ಅಂತಷ್ಟೇ.

ಒಂದು ಮಾತು ಮಾತ್ರ ನಿಜ, ಕೆಲವರಿಗೆ ಹೊಟ್ಟೆ ಸಲೀಸಾಗುತ್ತದೆ. ಜಠರ ಹಿಗ್ಗಿದರೆ ದೊಡ್ಡ ಕರುಳು ಚುರುಕಾಗುತ್ತದೆ. ಅದಕ್ಕೆ ಒಂದೆರಡು ಲೋಟ ಸಾಕು. ಕಾಫಿ, ತಿಂಡಿಯಿಂದಲೂ ಅದೇ ಆಗುತ್ತದೆ.

ಹಾಗಾಗಿ “ಎಷ್ಟು ಲೋಟ” ಅಂತ ಕೇಳುವುದೇ ಬೇಡ. ಬಾಯಾರಿದ್ದರೆ ಒಂದು ಲೋಟ ನಿಧಾನವಾಗಿ ಕುಡಿಯಿರಿ. ಕಿಡ್ನಿಯಲ್ಲಿ ಕಲ್ಲಾದವರಿಗೆ ವೈದ್ಯರು ಹೆಚ್ಚು ಕುಡಿಯಲು ಹೇಳಿರುತ್ತಾರೆ, ಆದರೆ ಅದು ದಿನವಿಡೀ ಹಂಚಿಕೊಂಡು ಕುಡಿಯುವಂಥದ್ದು. ಹೃದಯ ಅಥವಾ ಕಿಡ್ನಿ ದುರ್ಬಲವಾಗಿರುವವರಿಗೆ, ಬಿಪಿ ಮಾತ್ರೆ ನುಂಗುವ ಹಿರಿಯರಿಗೆ ಒತ್ತಾಯ ಮಾಡಬೇಡಿ. ಮೊದಲು ಮಾತ್ರೆಯ ಪಟ್ಟಿ ತಿರುಗಿಸಿ ಹೆಸರು ಓದಿ, ಕೊನೆಯಲ್ಲಿ “ಥಯಾಜೈಡ್” ಅಂತಿದ್ದರೆ ವೈದ್ಯರನ್ನು ಕೇಳಿದ ಮೇಲೆಯೇ ಮುಂದಿನ ಮಾತು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಲೂ ಬೇಡಿ.